ಕೆನಡಾದಿಂದ ಕಡಬಕ್ಕೆ ಬರುವ ಪೆಟ್ಟಿಗೆಯ ಲೇಬಲ್

ಕಡಬ ಪೇಟೆಯಿಂದ ಸ್ವಲ್ಪ ಒಳಗೆ ತೋಟ ಮಾಡಿಕೊಂಡಿರುವ ಹಿರಿಯರೊಬ್ಬರು ಕಳೆದ ವಾರ ನನಗೊಂದು ಫೋಟೊ ಕಳುಹಿಸಿದರು. ಕೆನಡಾದಲ್ಲಿರುವ ಮಗಳು ಅಲ್ಲಿನ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕೊಟ್ಟು, ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಲೇಬಲಿನ ಚಿತ್ರ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದ್ದರು. ಅದನ್ನೇ ಅವರು ನನಗೆ ದಾಟಿಸಿದ್ದು. ಹಿಂದೆಯೇ ಫೋನೂ ಬಂತು. "ಮಾಷ್ಟ್ರೇ, ಕೆಳಗೆ 125 ಅಂತ ಉಂಟಲ್ಲ, ಅಷ್ಟು ನಾನು ಪೋಸ್ಟಿನಲ್ಲಿ ಕಟ್ಟಬೇಕಾ?" ಎಂದು ಕೇಳಿದರು.

ಅಷ್ಟು ಕಟ್ಟಬೇಕಾಗಿಲ್ಲ. ಆದರೆ ಏನೂ ಕಟ್ಟಬೇಕಾಗಿಲ್ಲ ಎಂದೂ ಅರ್ಥವಲ್ಲ. ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಇಂಥ ಫೋಟೊ ಇನ್ನೂ ಎಷ್ಟೋ ಫೋನುಗಳಲ್ಲಿರುತ್ತದೆ. ಆದ್ದರಿಂದ ಅವರಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತೇನೆ. ಹಿರಿಯರ ಒಪ್ಪಿಗೆ ಪಡೆದಿದ್ದೇನೆ, ಹೆಸರು, ವಿಳಾಸ ಬಿಟ್ಟಿದ್ದೇನೆ.

ಮೊದಲು ಈ ಕಾಗದ ಏನೆಂದು ನೋಡೋಣ. ದೇಶದಿಂದ ದೇಶಕ್ಕೆ ಅಂಚೆಯಲ್ಲಿ ಹೋಗುವ ಸಾಮಾನಿನ ಮೇಲೆ ಕಸ್ಟಮ್ಸ್ ಘೋಷಣೆ ಇರಲೇಬೇಕು. ಅದರ ನಮೂನೆಯನ್ನು ಗೊತ್ತುಮಾಡಿದ್ದು 1874ರಲ್ಲಿ ಹುಟ್ಟಿದ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿರುವ ವಿಶ್ವ ಅಂಚೆ ಒಕ್ಕೂಟ. ಆ ಒಕ್ಕೂಟದ ಅಧಿಕೃತ ಭಾಷೆ ಫ್ರೆಂಚ್. ಕೆನಡಾದ ಅಂಚೆಯೂ ಇಂಗ್ಲಿಷ್ ಮತ್ತು ಫ್ರೆಂಚ್ ಎರಡನ್ನೂ ಅಚ್ಚು ಮಾಡುತ್ತದೆ. ನಮ್ಮ ಹಿರಿಯರು 'ಇದು ಯಾವ ಕಂಪನಿ' ಎಂದು ಕೇಳಿದ 'ಕಡೋ' ಎಂಬ ಪದ ಕಂಪನಿಯ ಹೆಸರಲ್ಲ, ಫ್ರೆಂಚಿನಲ್ಲಿ ಉಡುಗೊರೆ ಎಂದರ್ಥ. ನಮೂನೆಯಲ್ಲಿ ಎರಡು ಬಗೆ. ಚಿಕ್ಕ ಪೊಟ್ಟಣಕ್ಕೆ ಅಂಗೈಯಷ್ಟರ ಸಿಎನ್ 22, ಪಾರ್ಸೆಲಿಗೆ ಅಥವಾ ಬೆಲೆ ಹೆಚ್ಚಿರುವುದಕ್ಕೆ ವಿವರವಾದ ಸಿಎನ್ 23. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಈ ಸಂಖ್ಯೆ ಇರುತ್ತದೆ. ಫೋಟೊದಲ್ಲಿದ್ದದ್ದು ಸಿಎನ್ 23.

ಇದರಲ್ಲಿ ಬರೆದಿರುವುದೆಲ್ಲ ಕಳುಹಿಸಿದವರ ಮಾತು ಎಂಬುದನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಬೇಕು. ಸರಕಾರದ ಮಾತು ಇದರಲ್ಲಿ ಒಂದು ಸಾಲೂ ಇಲ್ಲ. ಸುಂಕ ಎಷ್ಟು ಎಂಬ ಅಂಕಿ ಈ ಲೇಬಲಿನ ಯಾವ ಮೂಲೆಯಲ್ಲೂ ಇರುವುದಿಲ್ಲ, ಏಕೆಂದರೆ ಕೆನಡಾದ ಕೌಂಟರಿನಲ್ಲಿ ಕುಳಿತವರಿಗೆ ಭಾರತದ ಸುಂಕ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಈ ಹೇಳಿಕೆಯನ್ನು ಓದಿ ಸುಂಕ ಗೊತ್ತುಮಾಡುವವರು ಭಾರತದ ವಿದೇಶಿ ಅಂಚೆ ಕಚೇರಿಯಲ್ಲಿರುವ ಕಸ್ಟಮ್ಸ್ ಅಧಿಕಾರಿಗಳು. ಪೆಟ್ಟಿಗೆ ಯಾವ ವಿಮಾನದಲ್ಲಿ ಬಂತು ಎಂಬುದರ ಮೇಲೆ ಅದು ಬೆಂಗಳೂರೂ ಆಗಬಹುದು, ಮುಂಬಯಿಯೋ ದೆಹಲಿಯೋ ಆಗಬಹುದು. ಅಲ್ಲಿ ಎಲ್ಲ ಮುಗಿದ ಮೇಲೆಯೇ ಪೆಟ್ಟಿಗೆ ಪುತ್ತೂರು ಅಂಚೆ ವಿಭಾಗಕ್ಕೆ ಬಂದು, ಅಲ್ಲಿಂದ ಕಡಬಕ್ಕೋ ಸುಳ್ಯಕ್ಕೋ ಹೋಗುವುದು. ಪುತ್ತೂರಿನ ಪ್ರಧಾನ ಅಂಚೆ ಕಚೇರಿಯಲ್ಲಾಗಲಿ ಕಡಬದ ಅಂಚೆ ಕಚೇರಿಯಲ್ಲಾಗಲಿ ಕಸ್ಟಮ್ಸಿನವರು ಯಾರೂ ಕುಳಿತಿರುವುದಿಲ್ಲ. ಸುಂಕ ಹೆಚ್ಚಾಯಿತೆಂದು ಪೋಸ್ಟ್‌ಮ್ಯಾನ್ ಹತ್ತಿರ ಜಗಳವಾಡುವವರನ್ನು ನೋಡಿದ್ದೇನೆ. ಚೀಟಿಯಲ್ಲಿ ಬರೆದಷ್ಟು ವಸೂಲಿ ಮಾಡುವುದಷ್ಟೇ ಅವರ ಕೆಲಸ, ಒಂದು ರೂಪಾಯಿ ಬಿಡುವ ಅಧಿಕಾರವೂ ಅವರಿಗಿಲ್ಲ.

ಇನ್ನು ಲೇಬಲ್ಲಿಗೆ ಬರೋಣ. ಒಳಗಿರುವ ಸಾಮಾನಿನ ಪಟ್ಟಿಯಲ್ಲಿ ಮೂರು ಸಾಲುಗಳಿದ್ದವು. ಓಡುವಾಗ ಹಾಕುವ ಬೂಟು ಒಂದು ಜೊತೆ, 80. ಸ್ಟೀಲ್ ಫ್ಲಾಸ್ಕ್ ಒಂದು, 40. ಹೂವಿನ ಬೀಜ ಒಂದು ಪ್ಯಾಕೆಟ್, 5. ಒಟ್ಟು 125. ಹಿರಿಯರು ರೂಪಾಯಿ ಎಂದುಕೊಂಡಿದ್ದರು. ಅಂಕಿಯ ಪಕ್ಕದಲ್ಲಿ ಕರೆನ್ಸಿಯ ಮೂರಕ್ಷರದ ಗುರುತಿರುತ್ತದೆ, ಇಲ್ಲಿ ಕೆನಡಾ ಡಾಲರಿನದು. ಇದನ್ನು ನೋಡದೆ ಅಮೆರಿಕದ ಡಾಲರೆಂದು ಲೆಕ್ಕ ಹಾಕಿದರೂ ತಪ್ಪುತ್ತದೆ, ಎರಡರ ಬೆಲೆ ಒಂದಲ್ಲ. ರೂಪಾಯಿಗೆ ತಿರುಗಿಸುವಾಗಲೂ ಬ್ಯಾಂಕಿನ ದರ ಲೆಕ್ಕಕ್ಕಿಲ್ಲ, ಕಸ್ಟಮ್ಸ್ ಮಂಡಳಿ ಹೊರಡಿಸುವ ವಿನಿಮಯ ದರವೇ ನಡೆಯುತ್ತದೆ.

ಬೀಜವನ್ನು ಸದ್ಯ ಪಕ್ಕಕ್ಕಿಡೋಣ, ಅದರದು ಬೇರೆಯೇ ಕಥೆ. ಬೂಟು, ಫ್ಲಾಸ್ಕ್ ಸೇರಿ 120 ಡಾಲರ್. ಲೆಕ್ಕ ಸುಲಭವಾಗಲೆಂದು ಡಾಲರಿಗೆ 60 ರೂಪಾಯಿ ಹಿಡಿದರೆ 7,200 ರೂಪಾಯಿ. ಸ್ವಂತ ಬಳಕೆಗೆಂದು ಅಂಚೆಯಲ್ಲಿ ಬರುವ ಸಾಮಾನಿಗೆ ಸುಂಕದ ಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ಬೂಟಿಗೊಂದು ದರ, ಫ್ಲಾಸ್ಕಿಗೊಂದು ದರ ಹುಡುಕುತ್ತ ಕೂರದೆ ಎಲ್ಲವನ್ನೂ ಸಾಮಾನ್ಯವಾಗಿ ಒಂದೇ ದರಕ್ಕೆ ಸೇರಿಸುವ ಉಪಾಯ ಇದು. ಹಲವು ವರ್ಷ ಆ ದರ ಹೀಗಿತ್ತು: ಮೂಲ ಸುಂಕ ಶೇ. 35, ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, ಇವೆರಡನ್ನೂ ಬೆಲೆಗೆ ಕೂಡಿಸಿ ಬಂದ ಮೊತ್ತದ ಮೇಲೆ ಶೇ. 28 ಐಜಿಎಸ್‌ಟಿ. ನಮ್ಮ 7,200ಕ್ಕೆ ಮೂಲ ಸುಂಕ 2,520, ಸರ್ಚಾರ್ಜ್ 252. ಮೂರೂ ಸೇರಿ 9,972. ಅದರ ಮೇಲೆ ಐಜಿಎಸ್‌ಟಿ ಸುಮಾರು 2,792. ಕಟ್ಟಬೇಕಾದದ್ದು 5,564 ರೂಪಾಯಿ. ನೂರು ರೂಪಾಯಿಯ ವಸ್ತುವಿಗೆ 77 ರೂಪಾಯಿಗೂ ಮೀರಿದ ಸುಂಕ. 'ಬೂಟಿಗಿಂತ ಸುಂಕವೇ ಭಾರ' ಎಂದು ನಮ್ಮ ಕಡೆ ಜನ ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಆ ದರ ಈಗ ಇಳಿದಿದೆ. 2025ರ ಬಜೆಟ್ಟಿನಲ್ಲಿ ಮೂಲ ಸುಂಕ 35ರಿಂದ 20ಕ್ಕೆ ಬಂತು, ಅದೇ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯಲ್ಲಿ 28 ಇದ್ದದ್ದು 18 ಆಯಿತು, 2026ರ ಬಜೆಟ್ಟಿನಲ್ಲಿ ಮೂಲ ಸುಂಕವನ್ನು 20ರಿಂದ 10ಕ್ಕೆ ಇಳಿಸುವ ಘೋಷಣೆಯಾಯಿತು. ಹತ್ತು ಮತ್ತು ಹದಿನೆಂಟರ ಲೆಕ್ಕದಲ್ಲಿ ಅದೇ 7,200 ರೂಪಾಯಿಗೆ ಮೂಲ ಸುಂಕ 720, ಐಜಿಎಸ್‌ಟಿ ಸುಮಾರು 1,426, ಒಟ್ಟು 2,146. ಸರ್ಚಾರ್ಜ್ ಕೂಡ ಸೇರಿಸಿದರೆ 2,231ರ ಹತ್ತಿರ. ಪೆಟ್ಟಿಗೆ ಜತೆ ಬರುವ ಸುಂಕದ ಚೀಟಿಯಲ್ಲಿ ಈ ಒಂದೊಂದು ಅಂಕಿಗೂ ಬೇರೆ ಬೇರೆ ಜಾಗವಿರುತ್ತದೆ, ಅದನ್ನು ಈ ಕ್ರಮದಲ್ಲೇ ಕೂಡಿ ನೋಡಬಹುದು. ಸುಂಕಕ್ಕೆ ಮೊದಲು ಐಜಿಎಸ್‌ಟಿ ಹಾಕಿದರೆ ಅಂಕಿ ತಾಳೆಯಾಗುವುದಿಲ್ಲ. ತೆರಿಗೆಯ ಮೇಲೆ ತೆರಿಗೆ ಬೀಳುವುದು ಇಲ್ಲಿನ ಕ್ರಮವೇ.

ಇಷ್ಟು ಹೇಳಿದಾಗ ಹಿರಿಯರು, "ಆದರೆ ಇದು ಗಿಫ್ಟ್ ಅಲ್ವಾ? ಅವಳು ಗಿಫ್ಟಿಗೆ ಟಿಕ್ ಹಾಕಿದ್ದಾಳೆ" ಎಂದರು. ಪಟ್ಟಿಯ ಪಕ್ಕದ ಚೌಕಗಳಲ್ಲಿ ಉಡುಗೊರೆ, ವ್ಯಾಪಾರದ ಮಾದರಿ, ದಾಖಲೆ, ಮಾರಾಟದ ಸರಕು, ವಾಪಸು ಬಂದ ಸರಕು, ಇತರೆ ಎಂದು ಬರೆದಿರುತ್ತದೆ. ಒಂದು ಕಾಲದಲ್ಲಿ ಉಡುಗೊರೆಯ ಚೌಕಕ್ಕೆ ಬೆಲೆ ಇತ್ತು. 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕವಿರಲಿಲ್ಲ. ಆ ಸವಲತ್ತನ್ನು ಕೆಡಿಸಿದ್ದು ಮನೆಯವರಲ್ಲ. ಚೀನಾದ ಆನ್‌ಲೈನ್ ಅಂಗಡಿಗಳು ಗ್ರಾಹಕರು ಹಣ ಕೊಟ್ಟು ಕೊಂಡ ಬಟ್ಟೆಬರೆಯನ್ನೂ ಉಡುಗೊರೆ ಎಂದು ಬರೆದು ಕಳುಹಿಸತೊಡಗಿದವು. ಅದಕ್ಕಾಗಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ 2019ರ ಡಿಸೆಂಬರ್ 12ರಂದು ಅಧಿಸೂಚನೆ ಹೊರಡಿಸಿ, ಉಡುಗೊರೆ ಎಂಬ ಕಾರಣಕ್ಕೆ ಸುಂಕವಿಲ್ಲದೆ ಬಿಡುವುದನ್ನು ನಿಲ್ಲಿಸಿತು. ಜೀವರಕ್ಷಕ ಔಷಧಿಗೂ ರಾಖಿಗೂ ಮಾತ್ರ ವಿನಾಯಿತಿ, ಅದೂ ರಾಖಿಯ ಜತೆ ಬರುವ ಉಡುಗೊರೆಗೆ ಇಲ್ಲ. ಪೂರ್ತಿ ಸುಂಕ ಕಟ್ಟಿ ಉಡುಗೊರೆ ತರಿಸಿಕೊಳ್ಳಲು ಅಡ್ಡಿಯಿಲ್ಲ ಎಂದೂ ಅದರಲ್ಲೇ ಇದೆ. ಹಾಗಾಗಿ ಮಗಳು ಹಾಕಿದ ಟಿಕ್ ತಪ್ಪಲ್ಲ, ಅದು ಸತ್ಯವೇ. ಆದರೆ ಅದರಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ಉಳಿಯುವುದು ಇನ್ನೊಂದು ಸಣ್ಣ ನಿಯಮದಿಂದ: ಲೆಕ್ಕ ಹಾಕಿದ ಸುಂಕ 100 ರೂಪಾಯಿ ಅಥವಾ ಅದಕ್ಕಿಂತ ಕಡಿಮೆಯಾದರೆ ವಸೂಲಿ ಮಾಡುವಂತಿಲ್ಲ, ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ನಿನ ಆರನೇ ಉಪಕಲಂ ಹಾಗೆ ಹೇಳುತ್ತದೆ.

ಇಲ್ಲೇ ಹಲವರಿಗೆ ಒಂದು ಆಸೆ ಹುಟ್ಟುತ್ತದೆ. ಬೆಲೆಯನ್ನೇ ಕಡಿಮೆ ಬರೆದರಾಯಿತಲ್ಲ, 80ರ ಬೂಟಿಗೆ 5 ಡಾಲರ್ ಎಂದರಾಯಿತಲ್ಲ! ದಯವಿಟ್ಟು ಬೇಡ. ಪೆಟ್ಟಿಗೆ ಎಕ್ಸ್-ರೇ ಯಂತ್ರದ ಮೂಲಕ ಹಾಯುತ್ತದೆ, ಸಂಶಯ ಬಂದರೆ ಬಿಚ್ಚುತ್ತಾರೆ. ಹೊಸ ಬೂಟು, ಅಂಗಡಿಯ ಡಬ್ಬ, ಬೆಲೆಯ ಚೀಟಿ ಎಲ್ಲ ಒಳಗೇ ಇರುತ್ತದೆ. ಬರೆದ ಬೆಲೆ ನಂಬಲು ಕಾರಣವಿಲ್ಲವೆಂದು ಕಂಡರೆ ಅದನ್ನು ತಳ್ಳಿಹಾಕಿ ತಾವೇ ಬೆಲೆ ಗೊತ್ತುಮಾಡುವ ಅಧಿಕಾರ 2007ರ ಮೌಲ್ಯ ನಿರ್ಧಾರ ನಿಯಮಗಳ 12ನೇ ನಿಯಮದಲ್ಲಿದೆ. ಹಾಗಾದಾಗ ಪೆಟ್ಟಿಗೆಯನ್ನು ತಡೆಹಿಡಿದು, ಬಿಲ್ಲು, ಹಣ ಕೊಟ್ಟ ದಾಖಲೆ, ಗುರುತಿನ ಚೀಟಿ ಕೇಳಿ ನಿಮಗೊಂದು ಪತ್ರ ಬರುತ್ತದೆ. ಅದಕ್ಕೆ ಉತ್ತರಿಸಲು ದಿನಗಳ ಮಿತಿ ಇರುತ್ತದೆ. ಪತ್ರ ತೋಟದ ಮನೆ ತಲುಪುವಾಗಲೇ ಅದರಲ್ಲಿ ಅರ್ಧ ಕಳೆದಿರುತ್ತದೆ. ಸುಂಕ ಉಳಿಸಲು ಹೋಗಿ ಸಾಮಾನೇ ವಾಪಸು ಹೋದದ್ದುಂಟು. ಇನ್ನೊಂದು ನಷ್ಟವೂ ಇದೆ. ಪೆಟ್ಟಿಗೆ ದಾರಿಯಲ್ಲಿ ಕಳೆದುಹೋದರೆ, ಐದು ಡಾಲರ್ ಎಂದು ಬರೆದವರು ಎಂಬತ್ತರ ಪರಿಹಾರ ಕೇಳಲು ಯಾವ ಬಾಯಿಂದ ಹೋಗುತ್ತಾರೆ?

ಉಪಯೋಗಿಸಿದ ವಸ್ತುವಾದರೆ ಬೆಲೆ ಸೊನ್ನೆ ಎಂದು ಬರೆಯುವವರಿದ್ದಾರೆ, ಅದೂ ಸಲ್ಲ. ಈಗ ಮಾರಿದರೆ ಎಷ್ಟು ಬರಬಹುದೋ ಅಷ್ಟು ಬರೆದು, 'ಬಳಸಿದ್ದು' ಎಂದು ಸೇರಿಸಬೇಕು. ವಿವರಣೆಯಲ್ಲೂ ಹಾಗೆಯೇ. 'ಮನೆಸಾಮಾನು', 'ಬಟ್ಟೆ' ಎಂಬಂಥ ಒಂದೇ ಮಾತು ಅಧಿಕಾರಿಗೆ ಪೆಟ್ಟಿಗೆ ಬಿಚ್ಚಲು ಕೊಟ್ಟ ಕರೆಯ ಹಾಗೆ. 'ಹತ್ತಿಯ ಗಂಡಸರ ಅಂಗಿ, 2' ಎಂದರೆ ಕೆಲಸ ಮುಗಿಯಿತು. ಮಗಳು ಬೂಟನ್ನು ಚೆನ್ನಾಗಿಯೇ ವಿವರಿಸಿದ್ದರು. ಈ ವಿವರಗಳು ಈಗ ಕಾಗದದಲ್ಲಷ್ಟೇ ಉಳಿಯುವುದಿಲ್ಲ. 2021ರ ಜನವರಿಯಿಂದ ಪೆಟ್ಟಿಗೆಗಿಂತ ಮೊದಲೇ ವಿವರಗಳನ್ನು ವಿದ್ಯುನ್ಮಾನ ರೂಪದಲ್ಲಿ ಕಳುಹಿಸಬೇಕೆಂದು ಅಂಚೆ ಒಕ್ಕೂಟದ ನಿಯಮವಾಗಿದೆ. ಲೇಬಲಿನಲ್ಲಿ ಆಮೇಲೆ ಪೆನ್ನಿನಿಂದ ತಿದ್ದಿದರೆ ಪ್ರಯೋಜನವಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ಈಗ ಪಕ್ಕಕ್ಕಿಟ್ಟ ಬೀಜದ ಪ್ಯಾಕೆಟ್. ನನಗೆ ಈ ಲೇಬಲಿನಲ್ಲಿ ಕಳವಳ ಹುಟ್ಟಿಸಿದ್ದು ಇದೊಂದೇ ಸಾಲು. ಅಮ್ಮನಿಗೆ ಅಂಗಳದಲ್ಲಿ ಹೂ ಬೆಳೆಸುವ ಆಸೆ, ಮಗಳು ಅಲ್ಲಿನ ಅಂಗಡಿಯಿಂದ ಐದು ಡಾಲರಿನ ಬೀಜ ಸೇರಿಸಿದ್ದಾರೆ. ಪ್ರೀತಿಯಿಂದಲೇ ಇಟ್ಟದ್ದು, ಮುಚ್ಚಿಟ್ಟದ್ದೂ ಅಲ್ಲ. ಆದರೆ ಸಿಎನ್ 23ರ ಕೆಳಭಾಗದಲ್ಲಿ 'ಷರಾ' ಎಂಬ ಜಾಗವಿದೆ. ಕ್ವಾರಂಟೈನ್, ಸಸ್ಯ ಆರೋಗ್ಯ ತಪಾಸಣೆ ಅಥವಾ ಬೇರೆ ನಿರ್ಬಂಧಕ್ಕೆ ಒಳಪಟ್ಟ ಸಾಮಾನಿದ್ದರೆ ಅಲ್ಲಿ ಬರೆಯಬೇಕು. ಅದರ ಬಳಿಯೇ ಪರವಾನಗಿ, ಪ್ರಮಾಣಪತ್ರ, ಬಿಲ್ಲು ಎಂಬ ಮೂರು ಚೌಕಗಳೂ ಅವುಗಳ ಸಂಖ್ಯೆಗೆ ಜಾಗವೂ ಇವೆ. ಫೋಟೊದಲ್ಲಿ ಎಲ್ಲ ಖಾಲಿ. ಚಿಕ್ಕದಾದ ಸಿಎನ್ 22ರಲ್ಲಂತೂ ಈ ಜಾಗವೇ ಇಲ್ಲ. ಅಲ್ಲಿ ಸಹಿಯ ಮೇಲೆ, 'ಇದರಲ್ಲಿ ಅಪಾಯಕಾರಿ ವಸ್ತುವಾಗಲಿ ಕಾನೂನು ನಿಷೇಧಿಸಿದ ವಸ್ತುವಾಗಲಿ ಇಲ್ಲವೆಂದು ದೃಢೀಕರಿಸುತ್ತೇನೆ' ಎಂಬ ಅರ್ಥದ ಸಣ್ಣ ಅಕ್ಷರದ ವಾಕ್ಯವೊಂದಿದೆ, ಯಾರೂ ಓದದ ವಾಕ್ಯ. ಸಹಿ ಹಾಕಿದೊಡನೆ ಆ ಮಾತು ಕಳುಹಿಸಿದವರದ್ದಾಗುತ್ತದೆ.

ಬಿತ್ತುವ ಬೀಜ ಭಾರತಕ್ಕೆ ಬರಬೇಕಾದರೆ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಎರಡು ಕಾಗದ ಬೇಕು. ಇಲ್ಲಿಂದ ಮೊದಲೇ ಪಡೆದ ಆಮದು ಪರವಾನಗಿ ಒಂದು, ಅಲ್ಲಿನ ಸರಕಾರ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ ಇನ್ನೊಂದು. ಅಂಗಡಿಯ ಬಿಲ್ಲು ಇವೆರಡಕ್ಕೂ ಬದಲಿಯಲ್ಲ. ಇವಿಲ್ಲದ ಬೀಜವನ್ನು ತಡೆಯುತ್ತಾರೆ, ನಾಶ ಮಾಡಬಹುದು. ಐದು ಡಾಲರಿನ ಆ ಪ್ಯಾಕೆಟ್ಟಿಗಾಗಿ ಬೂಟು, ಫ್ಲಾಸ್ಕ್ ಕೂಡ ಅಷ್ಟು ದಿನ ಅಲ್ಲೇ ಕೂರಬೇಕಾಗುತ್ತದೆ.

ಇಷ್ಟು ಬಿಗಿ ಯಾಕೆ ಎಂದು ನಮ್ಮ ಊರಿನವರು ಕೇಳಬಾರದು. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ಬಂದು ಅಡಿಕೆ ತೋಟ ಬೋಳಾದದ್ದನ್ನು ಕಂಡವರು ನಾವು, ಈಗ ಎಲೆಚುಕ್ಕಿಯ ಜತೆ ಹೆಣಗುತ್ತಿರುವವರು ನಾವು. ಆ ರೋಗಗಳು ಅಂಚೆಯಲ್ಲಿ ಬಂದವೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ರೋಗ ತೋಟಕ್ಕೆ ಕಾಲಿಟ್ಟ ಮೇಲೆ ಹೊರಗೆ ಹಾಕುವುದು ಎಷ್ಟು ಕಷ್ಟ ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೀಜದ ಜತೆ ಕಣ್ಣಿಗೆ ಕಾಣದ ಶಿಲೀಂಧ್ರ, ವೈರಸ್, ಕಳೆಯ ಬೀಜ ಬರಬಲ್ಲವು. 2020ರಲ್ಲಿ ಅಮೆರಿಕದ ಅನೇಕ ಮನೆಗಳಿಗೆ ಕೇಳದೆಯೇ ಬೀಜದ ಪೊಟ್ಟಣಗಳು ಬಂದವು. ಕೆಲವುಗಳ ಲೇಬಲಿನಲ್ಲಿ ಆಭರಣ ಎಂದು ಬರೆದಿತ್ತು. ಅದೇ ಆಗಸ್ಟಿನಲ್ಲಿ ನಮ್ಮ ಕೇಂದ್ರ ಕೃಷಿ ಸಚಿವಾಲಯವೂ ರಾಜ್ಯಗಳನ್ನು ಎಚ್ಚರಿಸಿತು. ರಂಬುಟಾನ್, ಮ್ಯಾಂಗೋಸ್ಟೀನ್, ದೂರಿಯನ್ ಬೆಳೆಸುವ ಹುಮ್ಮಸ್ಸು ನಮ್ಮ ಮೂರೂ ತಾಲೂಕುಗಳಲ್ಲಿದೆ, ಅದು ಸಂತೋಷವೇ. ಗಿಡ ಬೇಕಾದರೆ ಇಲ್ಲಿನ ನರ್ಸರಿಯಿಂದ ತನ್ನಿ, ಮಗನ ಪಾರ್ಸೆಲಿನಲ್ಲಿ ಬೀಜ, ಕಸಿಕಡ್ಡಿ, ಮಣ್ಣು ತರಿಸಬೇಡಿ.

ಬೀಜವಲ್ಲದೆ ನಮ್ಮ ಕಡೆ ಮತ್ತೆ ಮತ್ತೆ ಸಿಕ್ಕಿಬೀಳುವ ವಸ್ತುಗಳು ಇನ್ನು ಕೆಲವಿವೆ. ಗಲ್ಫಿನಿಂದ ಬರುವ ಸೆಂಟಿನ ಬಾಟಲಿ ಬೆಂಕಿ ಹತ್ತುವ ವಸ್ತು, ಪವರ್ ಬ್ಯಾಂಕಿನಲ್ಲಿ ಲಿಥಿಯಂ ಬ್ಯಾಟರಿ, ಎರಡನ್ನೂ ವಿಮಾನದ ಅಂಚೆಯಲ್ಲಿ ಸುಮ್ಮನೆ ತುರುಕುವಂತಿಲ್ಲ. ಅಡಿಕೆಗೆ ಔಷಧಿ ಬಿಡಲು ಡ್ರೋನ್ ಕಳುಹಿಸಲೇ ಎಂದು ಒಬ್ಬರು ಕೇಳಿದ್ದರು. ಹೊರದೇಶದ ಡ್ರೋನ್ ತರಿಸುವುದನ್ನು 2022ರ ಫೆಬ್ರವರಿಯಲ್ಲಿ ನಿಷೇಧಿಸಲಾಗಿದೆ. ಸಂಶೋಧನೆ, ರಕ್ಷಣೆಯಂಥ ಕೆಲವೇ ಕೆಲಸಗಳಿಗೆ ಅನುಮತಿಯ ಮೇಲೆ ವಿನಾಯಿತಿ, ತೋಟದವರಿಗೆ ಅದು ಸಿಗುವುದಿಲ್ಲ.

ಕಡಬಕ್ಕೆ ಬಂದಾಗ ಪೆಟ್ಟಿಗೆ ಬಿಚ್ಚಿ ಮತ್ತೆ ಟೇಪು ಹಾಕಿದ ಹಾಗೆ ಕಂಡರೆ ಗಾಬರಿ ಬೇಡ. ಅಧಿಕೃತವಾಗಿ ತೆರೆಯಬಹುದು ಎಂದು ಲೇಬಲಿನಲ್ಲೇ ಅಚ್ಚಾಗಿದೆ. ತಪಾಸಣೆಗೆ ತೆರೆದದ್ದಾದರೆ ಆ ಟೇಪಿನ ಮೇಲೆ ಅಥವಾ ಪಕ್ಕದಲ್ಲಿ ಅದರ ಗುರುತೋ ಮುದ್ರೆಯೋ ಇರುತ್ತದೆ. ಗುರುತಿಲ್ಲದೆ ಹರಿದಿದ್ದರೆ ಸಹಿ ಹಾಕುವ ಮೊದಲು ಅಂಚೆ ಕಚೇರಿಯ ತಕ್ಕಡಿಯಲ್ಲಿ ತೂಗಿಸಿ, ಲೇಬಲಿನ ಒಟ್ಟು ತೂಕದ ಜತೆ ಹೋಲಿಸಿ ನೋಡಿ. ಮಗಳು ಕಳುಹಿಸಿದ ಫೋಟೊ ನಿಜವಾಗಿ ಉಪಯೋಗಕ್ಕೆ ಬರುವುದು ಆಗ.

ಆ ಫೋಟೊವನ್ನು ಸ್ಟೇಟಸ್ಸಿಗೆ ಹಾಕಬೇಡಿ, ಕುಟುಂಬದ ಗುಂಪಿಗೂ ಬೇಡ. ಹೆಸರು, ಮನೆಯ ವಿಳಾಸ, ಫೋನ್ ನಂಬರು, ಟ್ರ್ಯಾಕಿಂಗ್ ನಂಬರು, ಒಳಗೇನಿದೆ, ಬೆಲೆ ಎಷ್ಟು, ಎಲ್ಲವೂ ಒಂದೇ ಚಿತ್ರದಲ್ಲಿದೆ. 'ಕಸ್ಟಮ್ಸಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಬೂಟಿನ ಪಾರ್ಸೆಲ್ ಸಿಕ್ಕಿಬಿದ್ದಿದೆ, ಈ ನಂಬರಿಗೆ ಹಣ ಹಾಕಿ' ಎಂದು ಹೆದರಿಸುವ ಕಳ್ಳರಿಗೆ ಇದಕ್ಕಿಂತ ಹೆಚ್ಚಿನ ಮಾಹಿತಿ ಬೇಕಾಗಿಲ್ಲ. ಒಳಗಿನ ಸಾಮಾನಿನ ಹೆಸರು ಸರಿಯಾಗಿ ಹೇಳಿದರೆಂದು ನಂಬಬೇಡಿ. ಅಂಚೆಯ ಪಾರ್ಸೆಲಿನ ಸುಂಕವನ್ನು ಪಾರ್ಸೆಲ್ ಕೈಗೆ ಬರುವಾಗ ಅಂಚೆ ಇಲಾಖೆಗೆ ಕೊಟ್ಟು ರಸೀದಿ ಪಡೆಯುವುದು, ಯಾರದೋ ಸ್ವಂತ ಯುಪಿಐಗೆ ಹಾಕುವುದಲ್ಲ. ಕಸ್ಟಮ್ಸಿನ ಪತ್ರಗಳ ಮೇಲೆ 2019ರ ನವೆಂಬರ್ 8ರಿಂದ ಡಿನ್ ಎಂಬ ಗುರುತು ಸಂಖ್ಯೆ ಹಾಕುವ ಕ್ರಮ ಬಂದಿದೆ. ಕಸ್ಟಮ್ಸ್ ಮಂಡಳಿಯಾದ ಸಿಬಿಐಸಿಯ ಜಾಲತಾಣದಲ್ಲಿ ಆ ಸಂಖ್ಯೆ ಹೊಡೆದರೆ ಪತ್ರ ನಿಜವೋ ಸುಳ್ಳೋ ತಿಳಿಯುತ್ತದೆ.

ಹಿರಿಯರ ಪೆಟ್ಟಿಗೆ ಇನ್ನೂ ದಾರಿಯಲ್ಲಿದೆ. ಬೂಟು ಮತ್ತು ಫ್ಲಾಸ್ಕಿನ ಬಿಲ್ಲನ್ನು ಮಗಳಿಂದ ಈಗಲೇ ತರಿಸಿಕೊಳ್ಳಿ, ಆಧಾರ್ ಪ್ರತಿ ಜತೆಗಿಡಿ, ಎರಡು ಸಾವಿರದ ಮುನ್ನೂರು ರೂಪಾಯಿಯಷ್ಟು ತೆಗೆದಿಡಿ, ಬೀಜದ ಬಗ್ಗೆ ಪತ್ರ ಬಂದರೆ ಪರವಾನಗಿ ಇಲ್ಲವೆಂದು ಇದ್ದದ್ದು ಇದ್ದ ಹಾಗೆ ಬರೆದುಬಿಡಿ ಎಂದು ಹೇಳಿದ್ದೇನೆ. ಹೊರದೇಶದಲ್ಲಿ ಕುಳಿತು ಊರಿಗೆ ಪೆಟ್ಟಿಗೆ ಕಟ್ಟುತ್ತಿರುವವರು ಇದನ್ನು ಓದುತ್ತಿದ್ದರೆ, ಸಹಿ ಹಾಕುವ ಮುಂಚೆ ಆ ಕೊನೆಯ ಸಣ್ಣಕ್ಷರದ ವಾಕ್ಯವನ್ನೊಮ್ಮೆ ಓದಿ, ಬೀಜದ ಪ್ಯಾಕೆಟ್ ಇದ್ದರೆ ಹೊರಗೆ ತೆಗೆದಿಡಿ.